ಮಕ್ಕಳ ಹುಟ್ಟುಹಬ್ಬದ ತಿಂಡಿ: ಬೇಕರಿ ಪೊಟ್ಟಣ, ಮಂಡಕ್ಕಿ, ಪಡ್ಡು

ದಾವಣಗೆರೆಯಲ್ಲಿ ಚಿಕ್ಕ ಮಕ್ಕಳ ಹುಟ್ಟುಹಬ್ಬ ಎಂದರೆ ಬೇಕರಿಯಿಂದ ತಿಂಡಿ ಪೊಟ್ಟಣ ತರಿಸಿ ಹಂಚುವುದು ಈಗ ರೂಢಿಯಾಗಿದೆ. ನಮ್ಮ ಮನೆಯಲ್ಲಿ ಒಂದು ವರ್ಷ ಅದನ್ನು ಹಂಚಿದೆವು, ಮರುವರ್ಷ ಮಂಡಕ್ಕಿ ಕೊಟ್ಟೆವು, ಈ ಸಲ ಮಗಳಿಗೆ ಐದು ತುಂಬಿದಾಗ ಪಡ್ಡು ಮಾಡಿದೆವು. ಇನ್ನು ಮುಂದೆ ನಮ್ಮ ಮನೆಯಲ್ಲಿ ಪಡ್ಡುವೇ ಎಂದು ತೀರ್ಮಾನಿಸಿದ್ದೇನೆ.

ಬೇಕರಿ ಪೊಟ್ಟಣದಲ್ಲಿ ಕೇಕಿನ ತುಂಡು, ಪಫ್, ಚಿಪ್ಸ್ ಮತ್ತು ಒಂದು ಮಾವಿನ ಪಾನೀಯ ಇದ್ದವು. ಹಂಚುವ ಕೆಲಸ ಸುಲಭ, ನಿಜ. ಆದರೆ ಅಂಥ ಪಾನೀಯಗಳ ಪೊಟ್ಟಣದ ಹಿಂಬದಿಯನ್ನು ಓದಿದರೆ 100 ಮಿಲಿಲೀಟರಿಗೆ 12ರಿಂದ 15 ಗ್ರಾಂ ಸಕ್ಕರೆ ಎಂದು ಸಾಮಾನ್ಯವಾಗಿ ಕಾಣುತ್ತದೆ. 150 ಮಿಲಿಲೀಟರಿನ ಒಂದು ಪೊಟ್ಟಣವೆಂದರೆ ಸುಮಾರು ಐದು ಟೀ ಚಮಚ ಸಕ್ಕರೆಯಾಯಿತು. ಕೇಕು ಅದರ ಮೇಲಿನ ಲೆಕ್ಕ. ಪಫ್ ಅನ್ನು ಮಕ್ಕಳು ಹೊರಗಿನ ಪದರ ಕಿತ್ತು ತಿಂದು, ಖಾರದ ಪಲ್ಯವನ್ನು ಹಾಗೆಯೇ ಬಿಟ್ಟರು. ಒಬ್ಬರಿಗೆ 70 ರೂಪಾಯಿ ಕೊಟ್ಟು ಇಷ್ಟನ್ನು ಕಸದ ಬುಟ್ಟಿಗೆ ಹಾಕುವುದು ನನಗೆ ಒಪ್ಪಿಗೆಯಾಗಲಿಲ್ಲ.

ಮಂಡಕ್ಕಿ ನಮ್ಮೂರಿನದೇ ತಿಂಡಿ. ಭಟ್ಟಿಯಿಂದ ಬಿಸಿಬಿಸಿಯಾಗಿ ಬಂದ ಮಂಡಕ್ಕಿಗೆ ಅರಿಸಿನದ ಒಗ್ಗರಣೆ ಕೊಟ್ಟು ಪುಟಾಣಿ ಹುಡಿ ಉದುರಿಸಿದರೆ ಸಕ್ಕರೆಯ ಮಾತೇ ಇಲ್ಲ, ಖರ್ಚೂ ಎಲ್ಲಕ್ಕಿಂತ ಕಡಿಮೆ. ಈರುಳ್ಳಿ, ಟೊಮೆಟೊ ಬೆರೆಸಿದರೆ ಮಾತ್ರ ಸ್ವಲ್ಪ ಹೊತ್ತಿನಲ್ಲೇ ಮೆತ್ತಗಾಗುತ್ತದೆ. ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಶೇಂಗಾ ಬೀಜ ಗಂಟಲಿಗೆ ಸಿಕ್ಕುವ ಅಪಾಯವಿರುವುದರಿಂದ ಅದನ್ನು ಬಿಡಲೇಬೇಕು. ಓಡಾಡುತ್ತ ತಿನ್ನುವ ಮಕ್ಕಳ ಕೈಯಿಂದ ಅರ್ಧ ಮಂಡಕ್ಕಿ ನೆಲಕ್ಕೇ ಹೋಗುತ್ತದೆ.

ಪಡ್ಡು ಒಂದು ಮಗುವಿನ ಮುಷ್ಟಿಯಲ್ಲಿ ಹಿಡಿಯುತ್ತದೆ, ಉದುರುವುದಿಲ್ಲ, ಚಮಚ ಬೇಡ. ನಾಲ್ಕು ಬಟ್ಟಲು ದೋಸೆ ಅಕ್ಕಿ, ಒಂದು ಬಟ್ಟಲು ಉದ್ದಿನಬೇಳೆ, ಒಂದು ಹಿಡಿ ಅವಲಕ್ಕಿ, ಒಂದು ಚಮಚ ಮೆಂತ್ಯ ನೆನೆಸಿ ರುಬ್ಬಿದರೆ ನೂರರ ಆಸುಪಾಸು ಪಡ್ಡು ಆಗುತ್ತವೆ. ಇಪ್ಪತ್ತು ಮಕ್ಕಳಿಗೆ ತಲಾ ಐದು. ಹಸಿಮೆಣಸಿನಕಾಯಿ ಬಿಟ್ಟು ತುರಿದ ಗಜ್ಜರಿ, ಸಣ್ಣಗೆ ಹೆಚ್ಚಿದ ಈರುಳ್ಳಿ ಮತ್ತು ಕೊತ್ತಂಬರಿ ಸೊಪ್ಪು ಹಾಕಿದೆ. ಇವನ್ನು ಹಂಚಿಗೆ ಹಾಕುವ ಮುಂಚೆಯಷ್ಟೇ ಬೆರೆಸಬೇಕು. ಮೊದಲೇ ಬೆರೆಸಿಟ್ಟರೆ ಈರುಳ್ಳಿ ನೀರು ಬಿಟ್ಟು ಹಿಟ್ಟು ತೆಳ್ಳಗಾಗಿ, ಪಡ್ಡು ಗುಳಿಗೆ ಅಂಟಿಕೊಳ್ಳುತ್ತದೆ. ನಮ್ಮ ಕಡೆಯ ಬೇಸಿಗೆಯಲ್ಲಿ ರಾತ್ರಿ ರುಬ್ಬಿದ ಹಿಟ್ಟು ಬೆಳಿಗ್ಗೆಗೇ ಉಬ್ಬಿರುತ್ತದೆ, ಹಾಗಾಗಿ ಸಂಜೆಯವರೆಗೆ ಹುಳಿ ಬಾರದಂತೆ ಅದನ್ನು ಬೆಳಿಗ್ಗೆಯೇ ಫ್ರಿಜ್‌ನಲ್ಲಿಡಬೇಕು.

ಇದರ ನಿಜವಾದ ತೊಡಕು ಬಿಸಿ. ಆರಿದ ಪಡ್ಡುವಿನ ಹೊರಭಾಗ ಗಡಸಾಗುತ್ತದೆ, ಮಕ್ಕಳು ಒಂದು ಕಚ್ಚು ಕಚ್ಚಿ ಇಟ್ಟುಬಿಡುತ್ತಾರೆ. ಹನ್ನೆರಡು ಗುಳಿಯ ಒಂದು ಹಂಚಿನಲ್ಲಿ ಒಂದು ಸುತ್ತಿಗೆ ಐದಾರು ನಿಮಿಷ ಬೇಕು, ಅಂದರೆ ನೂರಕ್ಕೆ ಮುಕ್ಕಾಲು ಗಂಟೆಗೂ ಹೆಚ್ಚು. ಕೇಕು ಕತ್ತರಿಸಿದ ಮೇಲೆ ಒಲೆ ಹಚ್ಚಿದರೆ ಮೊದಲ ಮಗು ತಿಂದು ಮುಗಿಸಿದಾಗ ಕೊನೆಯ ಮಗು ಹಸಿದು ಅಳುತ್ತಿರುತ್ತದೆ. ಮುಂಚೆಯೇ ಮಾಡಿ ಹಾಟ್‌ಬಾಕ್ಸಿನಲ್ಲಿ ತುಂಬಿ ಮುಚ್ಚಿದರೆ ಇನ್ನೊಂದು ಕಷ್ಟ: ಮುಚ್ಚಳಕ್ಕೆ ಹತ್ತಿದ ಹಬೆ ನೀರಾಗಿ ತೊಟ್ಟಿಕ್ಕಿ ಮೇಲಿನ ಪದರ ಒದ್ದೆಯಾಗಿ ಅಂಟಂಟಾಗುತ್ತದೆ.

ಇದಕ್ಕೆ ನಮ್ಮ ಅತ್ತೆಯವರು ಹೇಳಿಕೊಟ್ಟ ಉಪಾಯವೇ ಕೆಲಸಕ್ಕೆ ಬಂತು. ಪಕ್ಕದ ಮನೆಯವರಿಂದ ಇನ್ನೊಂದು ಹಂಚು ತಂದು ಎರಡು ಒಲೆಯ ಮೇಲೂ ಇಟ್ಟು, ಮಕ್ಕಳು ಬರುವುದಕ್ಕೆ ಅರ್ಧ ಗಂಟೆ ಮುಂಚೆ ಶುರುಮಾಡಿದೆವು. ಇಳಿಸಿದ ಪಡ್ಡುಗಳನ್ನು ಒಂದೆರಡು ನಿಮಿಷ ಅಗಲವಾದ ತಟ್ಟೆಯಲ್ಲಿ ಹರಡಿ, ಜೋರಾದ ಹಬೆ ಹೋದ ಮೇಲೆ ಹತ್ತಿ ಬಟ್ಟೆ ಹಾಸಿದ ಹಾಟ್‌ಬಾಕ್ಸಿಗೆ ಹಾಕಿ, ಮೇಲೂ ಬಟ್ಟೆ ಹೊದಿಸಿ ಮುಚ್ಚಿದೆವು. ಹಬೆಯನ್ನು ಬಟ್ಟೆ ಹೀರಿಕೊಂಡಿತು, ಒಂದು ಗಂಟೆಯ ನಂತರವೂ ಪಡ್ಡು ಬೆಚ್ಚಗೆ, ಮೆತ್ತಗೆ ಇದ್ದವು. ಗರಿಗರಿ ಮಾತ್ರ ಉಳಿಯುವುದಿಲ್ಲ. ದೊಡ್ಡವರು ಅದನ್ನು ಗುರುತಿಸುತ್ತಾರೆ, ಮೂರು ವರ್ಷದ ಮಗುವಿಗೆ ಮೆತ್ತಗಿರುವುದೇ ಅನುಕೂಲ.

ಚಟ್ನಿ ಬಟ್ಟಲು ಬೇಡ, ಚೆಲ್ಲುತ್ತದೆ. ಪಡ್ಡುವಿಗೆ ಬೆಣ್ಣೆ ಸವರಿ, ಖಾರ ಕಡಿಮೆ ಮಾಡಿದ ಪುಟಾಣಿ ಚಟ್ನಿಪುಡಿ ಉದುರಿಸಿದರೆ ಸಾಕು.

ಸಿಹಿಗೆ ಕತ್ತರಿಸಲು ಅರ್ಧ ಕಿಲೋ ಕೇಕು ತಂದು ಚಿಕ್ಕ ಚಿಕ್ಕ ತುಂಡು ಕೊಟ್ಟೆವು, ಜೊತೆಗೆ ಒಂದೊಂದು ಏಲಕ್ಕಿ ಬಾಳೆಹಣ್ಣು. ಕುಡಿಯಲು ನೀರು ಮಜ್ಜಿಗೆಯನ್ನು ಲೋಟದ ಅರ್ಧಕ್ಕೆ ಮಾತ್ರ ಹಾಕಿದೆವು. ಕೇಕು ಬಿಟ್ಟು ಒಂದು ಮಗುವಿಗೆ ಬಿದ್ದ ಖರ್ಚು 25 ರೂಪಾಯಿಯ ಒಳಗೇ ಇತ್ತು.

ಮನೆಯಲ್ಲಿ ವಾರಕ್ಕೊಮ್ಮೆ ಹೇಗೂ ದೋಸೆ ಹಿಟ್ಟು ರುಬ್ಬುವ ನನ್ನಂಥವರಿಗೆ ಪಡ್ಡು ಹೆಚ್ಚುವರಿ ಹೊರೆಯಲ್ಲ. ಒಲೆಯ ಬಳಿ ನಿಲ್ಲಲು ಇಬ್ಬರು ಇಲ್ಲದಿದ್ದರೆ, ಅಥವಾ ಪಾರ್ಟಿ ಪಾರ್ಕಿನಲ್ಲಿದ್ದರೆ, ಒಣ ಒಗ್ಗರಣೆಯ ಮಂಡಕ್ಕಿಯನ್ನು ಸಣ್ಣ ಕಾಗದದ ಬಟ್ಟಲಿನಲ್ಲಿ ಅರ್ಧದಷ್ಟೇ ತುಂಬಿ, ಮಕ್ಕಳನ್ನು ಕೂರಿಸಿ ಕೊಡುವುದು ಒಳ್ಳೆಯದು.