ತಂಪು ಕೋಣೆಯಲ್ಲಿ ನಿಂತ ಗುಂಗುರು ಸೆಕೆಯಲ್ಲಿ ನಿಲ್ಲಲಿಲ್ಲ

ನನ್ನ ಮದುವೆಯ ಆಲ್ಬಂನಲ್ಲಿ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಒಂದರವರೆಗೆ ನನ್ನನ್ನು ಪಕ್ಕದಿಂದ ತೆಗೆದ ಒಂದು ಚಿತ್ರವೂ ಇಲ್ಲ. ಛಾಯಾಗ್ರಾಹಕರ ತಪ್ಪಲ್ಲ, ನಾನೇ ಬೇಡವೆಂದು ಕೈಮುಗಿದಿದ್ದೆ. ತೆಳ್ಳನೆಯ, ಭುಜದವರೆಗಷ್ಟೇ ಇರುವ ಕೂದಲಿನವರು ಬೇಸಿಗೆಯಲ್ಲಿ ಮದುವೆಯಾಗುವುದಿದ್ದರೆ, ಆ ಮೂರು ಗಂಟೆಗಳಲ್ಲಿ ನನ್ನ ತಲೆಯ ಮೇಲೆ ಏನಾಯಿತು ಎಂಬುದನ್ನು ಓದಿಕೊಳ್ಳಿ.

ನನ್ನ ಕೂದಲು ಎರಡು ರೀತಿಯಲ್ಲಿ ತೆಳು. ಎಳೆಯೂ ಸಣ್ಣ, ಎಳೆಗಳ ಸಂಖ್ಯೆಯೂ ಕಡಿಮೆ. ಬೈತಲೆ ತೆಗೆದರೆ ನೆತ್ತಿ ಬೆಳ್ಳಗೆ ಇಣುಕುತ್ತದೆ. ಹೀಗಿದ್ದೂ ನಾನು ಆಸೆಪಟ್ಟದ್ದು ಬೆನ್ನಿನ ಮೇಲೆ ಇಳಿಬಿಟ್ಟ ದಪ್ಪ ಗುಂಗುರು ಕೂದಲಿಗೆ. ಅಲಂಕಾರ ಮಾಡುವವರು ಸುಲಭದ ದಾರಿ ಹೇಳಿದರು: ನನ್ನ ಕೂದಲನ್ನು ಕರ್ಲಿಂಗ್ ಐರನ್‌ನಿಂದ ಸುರುಳಿ ಮಾಡುವುದು, ಅದರ ಅಡಿಯಲ್ಲಿ ಕ್ಲಿಪ್ ಇರುವ ಚೌರಿಯನ್ನು, ಅಂದರೆ ಹೇರ್ ಎಕ್ಸ್‌ಟೆನ್ಷನ್‌ಗಳನ್ನು, ಸಿಕ್ಕಿಸುವುದು, ಬೈತಲೆಯ ಮೇಲೆ ಕೂದಲಿನ ಬಣ್ಣದ ನಾರಿನ ಪುಡಿ ಉದುರಿಸಿ ನೆತ್ತಿಯನ್ನು ಮರೆಮಾಡುವುದು. ಮದುವೆಗೆ ಹತ್ತು ದಿನ ಮೊದಲು ಒಂದು ಸಂಜೆ, ಎಸಿ ಹಾಕಿದ ಕೋಣೆಯಲ್ಲಿ ಪರೀಕ್ಷಾರ್ಥ ಮಾಡಿಯೂ ತೋರಿಸಿದರು. ಕನ್ನಡಿಯ ಮುಂದೆ ಕುಳಿತವಳು ನಾನೇ ಎಂದು ನಂಬಲು ಸ್ವಲ್ಪ ಹೊತ್ತು ಬೇಕಾಯಿತು. ಎರಡು ಗಂಟೆ ಹಾಗೇ ಇಟ್ಟುಕೊಂಡು, ಮನೆಗೆ ಬಂದು ಬಿಚ್ಚಿ ಮಲಗಿದೆ. ನನ್ನ ಮೊದಲ ತಪ್ಪು ಅದೇ. ಹದಿನೈದು ಗಂಟೆಯ ಕೆಲಸಕ್ಕೆ ಎರಡು ಗಂಟೆಯ ಪರೀಕ್ಷೆ, ಅದೂ ಬೆವರೇ ಬಾರದ ಜಾಗದಲ್ಲಿ.

ಮದುವೆಯ ದಿನ ಬೆಳಿಗ್ಗೆ ಐದೂವರೆಗೆ ಕುಳಿತು ಎಂಟಕ್ಕೆ ಎದ್ದೆ. ಒಂಬತ್ತೂವರೆಗೆ ಹೊರಗೆ ಬಂದೆ. ಹತ್ತೂವರೆಯ ಹೊತ್ತಿಗೆ ನನ್ನ ಸ್ವಂತ ಕೂದಲಿನ ಗುಂಗುರು ಪೂರ್ತಿ ಬಿಚ್ಚಿ, ಕಿವಿಯ ಪಕ್ಕ ದಾರದಂತೆ ಜೋತುಬಿದ್ದಿತ್ತು. ಆದರೆ ಚೌರಿ? ಅದರ ಸುರುಳಿ ಒಂದಿಷ್ಟೂ ಕದಲಿರಲಿಲ್ಲ! ಭುಜದವರೆಗೆ ಒದ್ದೆಯಾದ ನೇರ ಕೂದಲು, ಭುಜದಿಂದ ಕೆಳಗೆ ಹೊಳೆಯುವ ದಪ್ಪ ಗುಂಗುರು. ಎರಡು ಬೇರೆ ಬೇರೆ ಹೆಂಗಸರ ತಲೆಗಳನ್ನು ಮೇಲೆ ಕೆಳಗೆ ಜೋಡಿಸಿದಂತೆ ಕಾಣುತ್ತಿತ್ತು. ಎದುರಿನಿಂದ ಹೇಗೋ ನಡೆಯುತ್ತಿತ್ತು, ಪಕ್ಕದಿಂದ ನೋಡುವಂತಿರಲಿಲ್ಲ.

ಹೀಗೇಕಾಯಿತು ಎಂಬುದು ಆಮೇಲೆ ತಿಳಿಯಿತು. ಕೂದಲಿನ ಒಳಗಿನ ಪ್ರೋಟೀನ್ ಎಳೆಗಳನ್ನು ಹಿಡಿದಿಡುವ ಬಂಧಗಳಲ್ಲಿ ಹೈಡ್ರೋಜನ್ ಬಂಧಗಳೆಂಬ ದುರ್ಬಲ ಬಂಧಗಳಿವೆ. ಬಿಸಿ ಕಬ್ಬಿಣ ತಾಗಿದಾಗ ಅವು ಸಡಿಲವಾಗುತ್ತವೆ, ಸುತ್ತಿದ ಆಕಾರದಲ್ಲೇ ಕೂದಲು ತಣಿದರೆ ಅದೇ ಆಕಾರದಲ್ಲಿ ಮತ್ತೆ ಕೂಡಿಕೊಳ್ಳುತ್ತವೆ. ಇದೇ ಬಂಧಗಳನ್ನು ನೀರೂ ಬಿಡಿಸುತ್ತದೆ. ಬೆವರು ಮತ್ತು ಗಾಳಿಯ ತೇವ ಎರಡೂ ಸೇರಿದರೆ, ಐರನ್ ಮಾಡಿದ ಸುರುಳಿ ಮರಳಿ ಹಳೆಯ ಆಕಾರಕ್ಕೆ ಇಳಿಯುತ್ತದೆ. ಸಣ್ಣ ಎಳೆಗೆ ಬಿಗುವೂ ಕಡಿಮೆ, ಹಾಗಾಗಿ ಅದು ಬೇಗ ಸೋಲುತ್ತದೆ. ನನ್ನ ಚೌರಿ ಕೃತಕ ನಾರಿನದು. ಅದರ ಸುರುಳಿ ಕಾರ್ಖಾನೆಯಲ್ಲೇ ಅಚ್ಚಾಗಿ ಬಂದದ್ದು, ಬೆವರಿಗೆ ಜಗ್ಗುವ ವಸ್ತುವೇ ಅಲ್ಲ. ಅಂದರೆ ಆ ಎರಡು ಬಗೆಯ ಕೂದಲು ದಿನವಿಡೀ ಒಂದೇ ರೀತಿ ಇರುವುದು ಮೊದಲಿನಿಂದಲೂ ಸಾಧ್ಯವಿರಲಿಲ್ಲ.

ಗುಂಗುರು ಬಿದ್ದದ್ದನ್ನು ಕಂಡು ಅಲಂಕಾರ ಮಾಡುವವರು ಹೇರ್ ಸ್ಪ್ರೇ ಹೊಡೆದರು. ಬೆವರಿದ ಕೂದಲಿಗೆ ಸ್ಪ್ರೇ ಹೊಡೆದರೆ ಅದು ಗಟ್ಟಿಯಾಗುವುದಿಲ್ಲ, ಅಂಟಾಗುತ್ತದೆ. ಎಳೆಗಳು ಒಂದಕ್ಕೊಂದು ಕೂಡಿಕೊಂಡು ಇನ್ನಷ್ಟು ತೆಳುವಾಗಿ, ಅವುಗಳ ನಡುವೆ ನೆತ್ತಿ ಇನ್ನಷ್ಟು ಸ್ಪಷ್ಟವಾಗಿ ಕಂಡಿತು. ನೆತ್ತಿಯನ್ನು ಮುಚ್ಚಬೇಕಿದ್ದ ಪುಡಿಯ ಕಥೆಯಂತೂ ಕೇಳಬೇಡಿ. ಆ ಪುಡಿ ಒಣ ಕೂದಲಿಗೆ ಹಗುರವಾಗಿ ಅಂಟಿಕೊಂಡು ನಿಲ್ಲುವಂಥದ್ದು. ಬೆವರಿಗೆ ಗಂಟುಗಂಟಾಗಿ, ಕಪ್ಪು ಗೆರೆಯಾಗಿ ಹಣೆಗೆ ಇಳಿಯಿತು. ಕರವಸ್ತ್ರದಿಂದ ಒರೆಸಿಕೊಂಡೆ, ಗೆರೆ ಹೋಗಿ ಪಟ್ಟೆಯಾಯಿತು.

ಅಷ್ಟರಲ್ಲಿ ಕ್ಲಿಪ್‌ಗಳು ಜಾರಲು ಶುರುವಾಗಿದ್ದವು. ಆ ಚೌರಿಯನ್ನು ಆಮೇಲೆ ಅಡುಗೆಮನೆಯ ತಕ್ಕಡಿಯಲ್ಲಿಟ್ಟು ತೂಗಿದೆ, 180 ಗ್ರಾಂ ಇತ್ತು. ಅಷ್ಟು ಭಾರ ಕೆಲವೇ ಕೆಲವು ಎಳೆಗಳನ್ನು ಹಿಡಿದ ಕ್ಲಿಪ್‌ಗಳಿಂದ ನೇತಾಡುತ್ತಿತ್ತು. ಅವು ಜಾರದಿರಲೆಂದು ಕಿವಿಯ ಮೇಲ್ಭಾಗದಲ್ಲಿ ಬುಡದ ಕೂದಲನ್ನು ಉಲ್ಟಾ ಬಾಚಿ ಸಿಕ್ಕು ಮಾಡಿದ್ದರು. ಹನ್ನೆರಡರ ಹೊತ್ತಿಗೆ ಎರಡೂ ಕಿವಿಗಳ ಮೇಲ್ಭಾಗದಲ್ಲಿ ಯಾರೋ ಚಿವುಟಿ ಹಿಡಿದಂತೆ ನೋವು. ನಗುವಾಗ ಹೆಚ್ಚಾಗುತ್ತಿತ್ತು, ಮತ್ತು ಆ ದಿನ ನಗುವುದೇ ನನ್ನ ಮುಖ್ಯ ಕೆಲಸವಾಗಿತ್ತು.

ಒಂದು ಗಂಟೆಗೆ ಅತ್ತಿಗೆ ನನ್ನನ್ನು ಕೋಣೆಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದರು. "ಇದೆಲ್ಲ ಬಿಚ್ಚಿಬಿಡೋಣ, ನಿನ್ನ ಕೂದಲಿಗೆ ಏನು ಸಾಧ್ಯವೋ ಅದನ್ನು ಮಾಡೋಣ" ಎಂದರು. ಚೌರಿ ತೆಗೆದು, ಬೆವರು ಒಣಗಿಸಿ, ಕುತ್ತಿಗೆಯ ಬಳಿ ಪುಟ್ಟ ತುರುಬು ಕಟ್ಟಿದರು. ಇಪ್ಪತ್ತು ನಿಮಿಷದ ಕೆಲಸ. ರಾತ್ರಿ ಒಂಬತ್ತರವರೆಗೆ ಅದು ಅಲುಗಾಡಲಿಲ್ಲ. ಐದೂವರೆಗೇ ಎದ್ದು ಕುಳಿತದ್ದು ಏಕೆ ಎಂದು ನನಗೆ ಇಂದಿಗೂ ಸಿಟ್ಟು ಬರುತ್ತದೆ.

ಮುಂದಿನ ಬೇಸಿಗೆಯಲ್ಲಿ ಚಿಕ್ಕಮ್ಮನ ಮಗಳ ಮದುವೆ. ಅವಳ ಕೂದಲೂ ನನ್ನಂಥದ್ದೇ. ಈ ಬಾರಿ ಮೂರು ವಾರ ಮೊದಲೇ, ನಡುಮಧ್ಯಾಹ್ನ, ಫ್ಯಾನ್ ಕೂಡ ಹಾಕದೆ ತುರುಬು ಕಟ್ಟಿ ನೋಡಿದೆವು. ಕಟ್ಟಿದ ಮೇಲೆ ಅವಳು ಸುಮ್ಮನೆ ಕೂರುವಂತಿರಲಿಲ್ಲ: ಮೆಟ್ಟಿಲು ಹತ್ತಬೇಕು, ಬಗ್ಗಬೇಕು, ಮದುವೆಯ ದಿನ ಮುಡಿಯುವಷ್ಟೇ ಭಾರದ ಹೂವು ಮುಡಿದಿರಬೇಕು. ಎರಡು ಗಂಟೆಗೊಮ್ಮೆ ಪಕ್ಕದಿಂದ ಮತ್ತು ಹಿಂದಿನಿಂದ ಮೊಬೈಲ್‌ನಲ್ಲಿ ಚಿತ್ರ ತೆಗೆದೆ. ನಾಲ್ಕನೇ ಗಂಟೆಗೆ ತುರುಬು ಕೆಳಗೆ ಜಾರಿತ್ತು, ಪಿನ್‌ಗಳ ತುದಿ ಹೊರಗೆ ಇಣುಕುತ್ತಿತ್ತು. ಸೋತದ್ದೇ ಒಳ್ಳೆಯದಾಯಿತು, ಕಾರಣ ಹುಡುಕಲು ಸಮಯವಿತ್ತು. ಅಂದು ಬೆಳಿಗ್ಗೆಯೇ ಅವಳು ತಲೆಸ್ನಾನ ಮಾಡಿ, ಬುಡದವರೆಗೂ ಕಂಡೀಷನರ್ ಹಚ್ಚಿಕೊಂಡಿದ್ದಳು. ಮೊದಲೇ ಸಣ್ಣ ಕೂದಲು, ಮೇಲೆ ಆ ನುಣುಪು. ಪಿನ್ ಹಿಡಿದುಕೊಳ್ಳಲು ಅಲ್ಲಿ ಏನೂ ಇರಲಿಲ್ಲ.

ವಾರದ ನಂತರದ ಎರಡನೇ ಪರೀಕ್ಷೆಗೆ ಹಿಂದಿನ ಸಂಜೆ ಸ್ನಾನ, ಕಂಡೀಷನರ್ ತುದಿಗೆ ಮಾತ್ರ. ಕಟ್ಟುವ ಮೊದಲು ಬುಡಕ್ಕೆ ಡ್ರೈ ಶಾಂಪೂ ಸಿಂಪಡಿಸಿ, ಎರಡು ನಿಮಿಷ ಬಿಟ್ಟು ಬೆರಳಿನಿಂದ ಉಜ್ಜಿದೆವು. ಕೂದಲಿಗೆ ಸ್ವಲ್ಪ ಒರಟುತನ ಬಂತು. ಆಮೇಲೆ ಅತ್ತಿಗೆ ಅಂದು ನನಗೆ ಮಾಡಿದ ಗುಟ್ಟಿನ ಕೆಲಸ: ತುರುಬು ಕೂರಬೇಕಾದ ಜಾಗದಲ್ಲಿ ಹೆಬ್ಬೆರಳಿನಷ್ಟು ಅಗಲದ ಕೂದಲು ತೆಗೆದುಕೊಂಡು ಬಿಗಿಯಾದ ಪುಟ್ಟ ಜಡೆ ಹೆಣೆದು, ಅದನ್ನು ಸುತ್ತಿ ತಲೆಗೆ ಚಪ್ಪಟೆಯಾಗಿ ಎರಡು ಪಿನ್ ಅಡ್ಡಡ್ಡ ಸಿಕ್ಕಿಸಿ ನಿಲ್ಲಿಸುವುದು. ಹೊರಗೆ ಕಾಣದ ಈ ಗಂಟೇ ಗೂಟ. ಮುಂದಿನ ಪ್ರತಿಯೊಂದು ಪಿನ್ನೂ ಇದರೊಳಗೆ ಹೊಕ್ಕು ಹಿಡಿಯುತ್ತದೆ, ನಾಲ್ಕು ಸಡಿಲ ಎಳೆಗಳನ್ನು ನಂಬುವುದಿಲ್ಲ. ಹೂವನ್ನೂ ಇದಕ್ಕೇ ಸಿಕ್ಕಿಸಿದರೆ ಮುಂದಲೆ ಎಳೆದು ನೋಯುವುದಿಲ್ಲ.

ಉಳಿದ ಕೂದಲನ್ನು ಅದರ ಮೇಲೆ ರಬ್ಬರ್ ಬ್ಯಾಂಡ್‌ನಿಂದ ಕಟ್ಟಿ, ಜಾಳಿಗೆಯಂಥ ಹಗುರ ಸ್ಪಂಜಿನ ಬಳೆಯ ಸುತ್ತ ಹರಡಿದೆವು. ಭುಜದವರೆಗಿನ ಕೂದಲಿಗೆ ಈ ಬಳೆ ಚಿಕ್ಕದಿರಬೇಕು. ಅವಳಿಗೆ ಏಳು ಸೆಂಟಿಮೀಟರ್ ಅಗಲದ್ದು ಪೂರ್ತಿ ಮುಚ್ಚಿತು, ಹತ್ತರದ್ದರಲ್ಲಿ ಸ್ಪಂಜು ಅಲ್ಲಲ್ಲಿ ಹಲ್ಲು ಕಿರಿಯಿತು. ದೊಡ್ಡ ತುರುಬಿನ ಆಸೆಗೆ ಮಿತಿ ಇಲ್ಲೇ. ಮೇಲೆ ಕೂದಲಿನದೇ ಬಣ್ಣದ ತೆಳು ಬಲೆ ಹಾಕಿದರೆ ಚಿಕ್ಕ ಚಿಕ್ಕ ತುದಿಗಳು ಹೊರಗೆ ಚಾಚುವುದಿಲ್ಲ.

ಬಾಬಿ ಪಿನ್‌ನ ಅಂಕುಡೊಂಕಾದ ಬದಿ ತಲೆಯ ಕಡೆಗಿರಬೇಕು ಎಂಬುದು ನನಗೆ ಆವರೆಗೆ ಗೊತ್ತೇ ಇರಲಿಲ್ಲ, ವರ್ಷಗಟ್ಟಲೆ ತಿರುಗಿಸಿ ಸಿಕ್ಕಿಸಿಕೊಂಡಿದ್ದೇನೆ. ಸ್ಪ್ರೇಯನ್ನು ಕೂದಲಿಗಿಂತ ಮೊದಲು ಪಿನ್‌ಗಳ ಮೇಲೆ ಹೊಡೆದು ಒಣಗಿಸಿದರೆ ಅವುಗಳ ಹಿಡಿತ ಹೆಚ್ಚುತ್ತದೆ. ಕೂದಲಿಗೆ ಹೊಡೆಯುವುದಾದರೆ ಒಂದು ಗೇಣಿಗಿಂತ ಹೆಚ್ಚು ದೂರದಿಂದ, ತೆಳುವಾಗಿ, ಒಂದು ಪದರ ಒಣಗಿದ ಮೇಲೆ ಇನ್ನೊಂದು. ಬೈತಲೆಗೆ ಪುಡಿಯ ಗೊಡವೆಯೇ ಬೇಡವೆಂದು ನೇರ ಗೆರೆಯ ಬದಲು ಒಂದು ಬದಿಗೆ, ಸ್ವಲ್ಪ ಅಂಕುಡೊಂಕಾಗಿ ಬೈತಲೆ ತೆಗೆದೆವು. ನೆತ್ತಿ ಒಂದೇ ಗೆರೆಯಲ್ಲಿ ಬಿಳುಚಿ ಕಾಣುವುದು ಅಷ್ಟಕ್ಕೇ ತಪ್ಪಿತು.

ಮದುವೆಯ ದಿನ ಅವಳ ಪಕ್ಕದಲ್ಲಿ ನಾನಿದ್ದೆ. ಚೀಲದಲ್ಲಿ ಆರು ಪಿನ್, ಬೆವರು ಹೀರುವ ತೆಳು ಕಾಗದ, ಒಂದು ಬಾಚಣಿಗೆ. ಹಣೆಯಂಚಿನ ಬೆವರನ್ನು ಒತ್ತಿ ತೆಗೆದೆವು, ಉಜ್ಜಲಿಲ್ಲ. ಉಜ್ಜಿದರೆ ಸಣ್ಣ ಕೂದಲೆಲ್ಲ ಮೇಲೆದ್ದು ನಿಲ್ಲುತ್ತದೆ. ಸಂಜೆಗೆ ಕಿವಿಯ ಮುಂದೆ ಎರಡು ಎಳೆಗಳು ಕಳಚಿ ಬಿದ್ದವು. ಅವನ್ನು ಮತ್ತೆ ಸಿಕ್ಕಿಸಲು ಹೋಗದೆ ಹಾಗೆಯೇ ಬಿಟ್ಟೆವು, ಬೇಕೆಂದೇ ಬಿಟ್ಟಂತೆ ಕಂಡಿತು.

ರಾತ್ರಿ ಬಿಚ್ಚುವಾಗ ಅವಳು ಬಾಚಣಿಗೆ ಎತ್ತಿಕೊಂಡಳು, ನಾನು ಕಿತ್ತುಕೊಂಡೆ. ನನ್ನ ಮದುವೆಯ ರಾತ್ರಿ ಆಯಾಸದಲ್ಲಿ ಸ್ಪ್ರೇ ಅಂಟಿದ ಸಿಕ್ಕನ್ನು ಒಣಗಿದ್ದಾಗಲೇ ಬುಡದಿಂದ ಬಾಚಿ, ಕಿವಿಯ ಮೇಲಿನ ಕೂದಲನ್ನು ಹಿಡಿ ಹಿಡಿಯಾಗಿ ತುಂಡು ಮಾಡಿಕೊಂಡಿದ್ದೆ. ಆ ತುಂಡುಗಳು ಉಳಿದ ಕೂದಲಿನ ಸಮಕ್ಕೆ ಬರಲು ವರ್ಷದ ಮೇಲೆ ಹಿಡಿಯಿತು. ಅವಳದನ್ನು ಮೊದಲು ಒದ್ದೆ ಮಾಡಿ, ಧಾರಾಳವಾಗಿ ಕಂಡೀಷನರ್ ಹಚ್ಚಿ, ಐದು ನಿಮಿಷ ಬಿಟ್ಟು, ತುದಿಯಿಂದ ಮೇಲಕ್ಕೆ ಬೆರಳಿನಲ್ಲೇ ಬಿಡಿಸಿದೆ. ಬೆಳಿಗ್ಗೆ ಎಣಿಸಿ ಸಿಕ್ಕಿಸಿದ್ದ ಹದಿನೆಂಟು ಪಿನ್‌ಗಳಲ್ಲಿ ಹದಿನೇಳು ಸಿಕ್ಕಿದವು. ಹದಿನೆಂಟನೆಯದು ಮರುದಿನ ಅವಳ ದಿಂಬಿನ ಮೇಲಿತ್ತಂತೆ.