ಒಂದೇ ಟಿಕೆಟ್ ಎರಡು ಬಾಗಿಲಿಗೆ ಬಂದಾಗ: ಮೂರು ಕ್ಯೂಆರ್ ವ್ಯವಸ್ಥೆಗಳ ಹೋಲಿಕೆ

ಟಿಕೆಟಿನ ಮೇಲೆ ಕ್ಯೂಆರ್ ಕೋಡ್ ಅಚ್ಚಾಗಿದ್ದ ಮಾತ್ರಕ್ಕೆ ನಕಲು ಪ್ರವೇಶ ನಿಲ್ಲುವುದಿಲ್ಲ. ಆ ಚೌಕದ ಫೋಟೊವನ್ನು ಯಾರು ಬೇಕಾದರೂ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ನಾಲ್ವರಿಗೆ ಕಳಿಸಬಹುದು. ನಾಲ್ಕು ಪ್ರತಿಗಳೂ ಅಸಲಿನಷ್ಟೇ ಚೆನ್ನಾಗಿ ಸ್ಕ್ಯಾನ್ ಆಗುತ್ತವೆ. ನಕಲನ್ನು ತಡೆಯುವುದು ಯಾವ ಕೋಡ್ ಈಗಾಗಲೇ ಒಳಗೆ ಹೋಗಿದೆ ಎಂದು ಗುರುತು ಹಾಕುವ ಪಟ್ಟಿ. ಆ ಪಟ್ಟಿ ಎಲ್ಲಿದೆ, ಎಲ್ಲ ಬಾಗಿಲುಗಳಿಗೂ ಅದು ಒಂದೇ ಹೊತ್ತಿಗೆ ಕಾಣುತ್ತದೆಯೇ ಎಂಬುದನ್ನು ನೋಡಿಯೇ ವ್ಯವಸ್ಥೆಯನ್ನು ಆರಿಸಬೇಕು.

ಧಾರವಾಡ, ಹುಬ್ಬಳ್ಳಿ, ಗದಗಗಳಲ್ಲಿ ಪ್ರದರ್ಶನ ಕೊಡುವ ಒಂದು ಹವ್ಯಾಸಿ ನಾಟಕ ತಂಡದ ಟಿಕೆಟ್ ಕೆಲಸ ನನ್ನದು. ಸುಮಾರು ಆರುನೂರು ಟಿಕೆಟ್, ಎರಡು ಬಾಗಿಲು, ನಾಟಕ ಶುರುವಾಗುವ ಮುಂಚಿನ ಅರ್ಧ ಗಂಟೆಯಲ್ಲಿ ನುಗ್ಗುವ ಜನ: ನಮ್ಮ ಅಳತೆ ಇಷ್ಟು. ಈ ಅಳತೆಗೆ ಮೂರು ವ್ಯವಸ್ಥೆಗಳನ್ನು ಪರೀಕ್ಷಿಸಿದೆ. ಪ್ರತಿ ಸಲವೂ ಪರೀಕ್ಷೆ ಒಂದೇ: ಒಂದು ಟಿಕೆಟಿನ ಸ್ಕ್ರೀನ್‌ಶಾಟನ್ನು ಸ್ವಯಂಸೇವಕರಿಗೆ ಹಂಚಿ, ಇಬ್ಬರನ್ನು ಎರಡು ಬಾಗಿಲುಗಳಿಗೆ ಒಂದೇ ಕ್ಷಣಕ್ಕೆ ಕಳಿಸುವುದು. ಒಬ್ಬರು ಒಳಗೆ ಹೋಗಬೇಕು, ಇನ್ನೊಬ್ಬರು ನಿಲ್ಲಬೇಕು.

ಮೂರಕ್ಕೂ ಮೊದಲು ಕೋಡಿನ ವಿಚಾರ. ಟಿಕೆಟ್ ಸಂಖ್ಯೆಯನ್ನೇ ಕ್ಯೂಆರ್ ಒಳಗೆ ಹಾಕಬಾರದು. 0457 ಕೈಯಲ್ಲಿರುವವನಿಗೆ 0458 ಕೂಡ ಇದೆ ಎಂದು ಗೊತ್ತಿರುತ್ತದೆ. ಅದನ್ನು ಕ್ಯೂಆರ್ ಮಾಡಲು ಮೊಬೈಲಿನಲ್ಲಿ ಅರ್ಧ ನಿಮಿಷ ಸಾಕು. ನಾನು ಬಳಸುವುದು ಹತ್ತು ಅಕ್ಷರಗಳ ಯಾದೃಚ್ಛಿಕ ಕೋಡ್:

```python
import secrets, segno
A = "23456789ABCDEFGHJKLMNPQRSTUVWXYZ"
code = "".join(secrets.choice(A) for _ in range(10))
segno.make_qr(code, error="q").save(code + ".png", scale=10)
```

ಸೊನ್ನೆ, ಒಂದು, `O`, `I` ಇಲ್ಲದ 32 ಅಕ್ಷರಗಳ ಸಾಲು ಇದು. ಕ್ಯೂಆರ್ ಹರಿದುಹೋದರೆ ಕೆಳಗೆ ಅಚ್ಚಾದ ಕೋಡನ್ನು ಕೈಯಿಂದ ಟೈಪ್ ಮಾಡಬೇಕಾಗುತ್ತದೆ, ಆಗ ಸೊನ್ನೆಯೋ `O` ಅಕ್ಷರವೋ ಎಂಬ ಗೊಂದಲ ಇರಬಾರದು. ಹತ್ತು ಸ್ಥಾನಗಳಿಗೆ ಸಾಧ್ಯವಿರುವ ಕೋಡ್‌ಗಳು 1,125 ಲಕ್ಷ ಕೋಟಿಗೂ ಹೆಚ್ಚು. ಅದರಲ್ಲಿ ಆರುನೂರು ಮಾತ್ರ ನಿಜವಾದವು, ಆದ್ದರಿಂದ ಊಹಿಸಿ ಒಳಗೆ ಬರುವ ಮಾತೇ ಇಲ್ಲ. ದೊಡ್ಡ ಅಕ್ಷರ ಮತ್ತು ಅಂಕಿ ಮಾತ್ರ ಇರುವುದರಿಂದ ಕ್ಯೂಆರ್ ಅತ್ಯಂತ ಚಿಕ್ಕ ಅಳತೆಯಲ್ಲಿ, ಅಂದರೆ ಅಡ್ಡಕ್ಕೂ ಉದ್ದಕ್ಕೂ 21 ಚುಕ್ಕಿಗಳಲ್ಲಿ ಮುಗಿಯುತ್ತದೆ. ಚುಕ್ಕಿಗಳು ದಪ್ಪವಾಗಿರುತ್ತವೆ, ಮಬ್ಬು ಬೆಳಕಿನಲ್ಲೂ ಬೇಗ ಓದಿಸಿಕೊಳ್ಳುತ್ತವೆ. ಇಲ್ಲಿ `make_qr` ಎಂದೇ ಬರೆಯಬೇಕು. ಬರೀ `make` ಎಂದರೆ ಇಷ್ಟು ಚಿಕ್ಕ ಕೋಡಿಗೆ `segno` ಲೈಬ್ರರಿ ಮೈಕ್ರೋ ಕ್ಯೂಆರ್ ತಯಾರಿಸುತ್ತದೆ. ಅದರಲ್ಲಿ ಮೂರು ಮೂಲೆಗಳ ಬದಲು ಒಂದೇ ಮೂಲೆಯಲ್ಲಿ ಗುರುತಿನ ಚೌಕ ಇರುತ್ತದೆ, ಹೆಚ್ಚಿನ ಮೊಬೈಲ್‌ಗಳು ಅದನ್ನು ಓದುವುದೇ ಇಲ್ಲ. ಪ್ರೆಸ್ಸಿಗೆ ಕೊಡುವಾಗ ಸುತ್ತಲೂ ನಾಲ್ಕು ಚುಕ್ಕಿಯಷ್ಟು ಬಿಳಿ ಜಾಗ ಉಳಿಸಲು ಹೇಳಬೇಕು. ಅಂದಕ್ಕಾಗಿ ವಿನ್ಯಾಸಗಾರರು ಅದನ್ನೇ ಮೊದಲು ಕತ್ತರಿಸುತ್ತಾರೆ.

ಮೊದಲು ಪರೀಕ್ಷಿಸಿದ್ದು ಗೂಗಲ್ ಶೀಟ್. ಕೋಡ್‌ಗಳೆಲ್ಲ ಒಂದು ಕಾಲಂನಲ್ಲಿ, ಪ್ರವೇಶದ ಸಮಯ ಪಕ್ಕದ ಕಾಲಂನಲ್ಲಿ. ಸ್ವಯಂಸೇವಕರ ಮೊಬೈಲ್ ಕ್ಯಾಮೆರಾ ಕೋಡ್ ಓದಿ ಆ್ಯಪ್ಸ್ ಸ್ಕ್ರಿಪ್ಟಿಗೆ ಕಳಿಸುತ್ತದೆ, ಸ್ಕ್ರಿಪ್ಟ್ ಸಾಲನ್ನು ಹುಡುಕಿ ಸಮಯ ಬರೆಯುತ್ತದೆ. ಖರ್ಚಿಲ್ಲ, ಹೊಸ ಯಂತ್ರ ಬೇಡ, ಎಷ್ಟು ಬಾಗಿಲು ಬೇಕಾದರೂ ಸೇರಿಸಬಹುದು, ಎಷ್ಟು ಜನ ಒಳಗಿದ್ದಾರೆ ಎಂದು ಮನೆಯಲ್ಲಿ ಕುಳಿತವರೂ ನೋಡಬಹುದು. ಇಷ್ಟೆಲ್ಲ ಇದ್ದೂ, ಅಂತರ್ಜಾಲದಲ್ಲಿ ಸಿಗುವ ಸಾಮಾನ್ಯ ಸ್ಕ್ರಿಪ್ಟ್ ನಮ್ಮ ಜೋಡಿ ಪರೀಕ್ಷೆಯಲ್ಲಿ ಸೋತಿತು. ಎರಡೂ ಬಾಗಿಲಲ್ಲಿ ಒಳಗೆ ಬಿಡಿ ಎನ್ನುವ ಹಸಿರು ಬಂತು. ಕಾರಣ ಸರಳ: ಮೊದಲ ಕೋರಿಕೆ ಕೋಶ ಖಾಲಿ ಇದೆಯೇ ಎಂದು ನೋಡುತ್ತದೆ, ಅದು ಸಮಯ ಬರೆಯುವ ಮೊದಲೇ ಎರಡನೆಯದೂ ಬಂದು ನೋಡುತ್ತದೆ. ಇಬ್ಬರಿಗೂ ಕಂಡದ್ದು ಖಾಲಿ ಕೋಶ. ಇದಕ್ಕೆ `LockService` ಬಳಸಿ ಒಬ್ಬರ ಕೆಲಸ ಮುಗಿಯುವವರೆಗೆ ಇನ್ನೊಬ್ಬರನ್ನು ನಿಲ್ಲಿಸಬೇಕು, ಬೀಗ ಬಿಡುವ ಮುನ್ನ `SpreadsheetApp.flush()` ಕರೆಯಬೇಕು. ಇವೆರಡನ್ನೂ ಸೇರಿಸಿದ ಮೇಲೆ ಪರೀಕ್ಷೆ ಗೆದ್ದಿತು.

ಆದರೆ ಈ ಬೀಗಕ್ಕೆ ಬೆಲೆ ಇದೆ. ಒಂದು ಟಿಕೆಟಿಗೆ ಒಂದೂವರೆ ಸೆಕೆಂಡ್ ಬೀಗ ಹಿಡಿದರೆ, ನಾಲ್ಕು ಮೊಬೈಲ್ ಇದ್ದರೂ ಹತ್ತು ಇದ್ದರೂ ನಿಮಿಷಕ್ಕೆ ನಲವತ್ತು ಜನ ಮಾತ್ರ ಒಳಗೆ ಹೋಗಬಲ್ಲರು. ಆರುನೂರು ಜನಕ್ಕೆ ಕಾಲು ಗಂಟೆ. ನಮ್ಮ ಅರ್ಧ ಗಂಟೆಯಲ್ಲಿ ಅದು ಹಿಡಿಸುತ್ತದೆ, ಸಿಗ್ನಲ್ ಚೆನ್ನಾಗಿದ್ದರೆ. ದಪ್ಪ ಕಲ್ಲಿನ ಗೋಡೆಯ ಹಳೆಯ ಸಭಾಂಗಣದ ಹೊಸ್ತಿಲಲ್ಲಿ ಸಿಗ್ನಲ್ ಒಂದು ಕಡ್ಡಿಗೆ ಇಳಿದಾಗ ಬರುವ ತೊಂದರೆಯೇ ಬೇರೆ, ಅದು ನಕಲಿಗಿಂತ ಕೆಟ್ಟದ್ದು. ಕೋರಿಕೆ ಗೂಗಲ್‌ಗೆ ತಲುಪಿ ಟಿಕೆಟಿಗೆ ಗುರುತು ಬೀಳುತ್ತದೆ, ಉತ್ತರ ಮಾತ್ರ ಮೊಬೈಲಿಗೆ ಮರಳುವುದಿಲ್ಲ. ಸ್ವಯಂಸೇವಕಿ ಮತ್ತೆ ಸ್ಕ್ಯಾನ್ ಮಾಡುತ್ತಾಳೆ, ಈಗ ಕೆಂಪು. ದುಡ್ಡು ಕೊಟ್ಟು ಬಂದ ಹಿರಿಯರ ಎದುರು ನಿಂತು “ಕಾಕಾ, ಈ ಟಿಕೆಟ್ ಆಗಲೇ ಒಳಗೆ ಹೋಗಿದೆ” ಎನ್ನಬೇಕಾಗುತ್ತದೆ. “ನಾನು ಇಲ್ಲೇ ನಿಂತಿದ್ದೇನಲ್ಲ ತಂಗಿ” ಎಂದು ಅವರು ಕೇಳಿದರೆ ಆ ಹುಡುಗಿಯ ಬಳಿ ಉತ್ತರವಿಲ್ಲ. ಪ್ರೇಕ್ಷಕನನ್ನು ಕಳ್ಳನೆಂದು ನಿಲ್ಲಿಸುವ ವ್ಯವಸ್ಥೆ ನನಗೆ ಬೇಡ. ಇದಕ್ಕೆ ಪರಿಹಾರ, ಗುರುತಿನ ಜೊತೆಗೆ ಯಾವ ಮೊಬೈಲ್, ಎಷ್ಟು ಹೊತ್ತಿಗೆ ಎಂದೂ ಬರೆಯುವುದು. ಅದೇ ಮೊಬೈಲಿನಿಂದ ಅದೇ ಕೋಡ್ ಕೆಲವೇ ಸೆಕೆಂಡುಗಳಲ್ಲಿ ಮರಳಿ ಬಂದರೆ ಕೆಂಪಿನ ಬದಲು “ಈಗಷ್ಟೇ ಇಲ್ಲೇ ದಾಖಲಾಗಿದೆ” ಎಂದು ಹಳದಿಯಲ್ಲಿ ತೋರಿಸುವುದು. ಕ್ಯಾಮೆರಾ ಒಂದೇ ಟಿಕೆಟನ್ನು ಬೆನ್ನು ಬೆನ್ನಿಗೆ ಎರಡು ಸಲ ಓದಿದಾಗಲೂ ಇದು ಕಾಪಾಡುತ್ತದೆ.

ಎರಡನೆಯದು ನೆಟ್‌ವರ್ಕ್ ಬೇಡದ ವ್ಯವಸ್ಥೆ. ಟಿಕೆಟ್ ಸಂಖ್ಯೆಯ ಜೊತೆಗೆ ಗುಪ್ತ ಕೀಲಿಯಿಂದ ಲೆಕ್ಕ ಹಾಕಿದ ಒಂದು ಮುದ್ರೆಯನ್ನು ಕ್ಯೂಆರ್ ಒಳಗೆ ಇಡುತ್ತಾರೆ, ಮೊಬೈಲ್ ಅದೇ ಲೆಕ್ಕವನ್ನು ಮತ್ತೆ ಮಾಡಿ ತಾಳೆ ನೋಡುತ್ತದೆ. ಹೇಳಲು ಚೆಂದ, ವೇಗವೂ ಅದ್ಭುತ. ಆದರೆ ಇದು ಟಿಕೆಟ್ ನಾವೇ ಮಾಡಿದ್ದು ಎಂದಷ್ಟೇ ಹೇಳಬಲ್ಲದು. ಯಾರು ಒಳಗೆ ಹೋದರು ಎಂಬ ಪಟ್ಟಿ ಪ್ರತಿ ಮೊಬೈಲಿನಲ್ಲಿ ಪ್ರತ್ಯೇಕವಾಗಿರುವುದರಿಂದ ಒಂದು ಸ್ಕ್ರೀನ್‌ಶಾಟ್ ಪ್ರತಿ ಬಾಗಿಲಲ್ಲೂ ಒಂದೊಂದು ಸಲ ಹಸಿರು ಪಡೆಯುತ್ತದೆ. ನಮ್ಮ ಪರೀಕ್ಷೆಯಲ್ಲಿ ಇದು ಸೋಲಲೇಬೇಕಿತ್ತು, ಸೋತಿತು. ಬಾಗಿಲಿಗೆ ಒಂದೇ ಮೊಬೈಲ್ ಇಟ್ಟು, ಟಿಕೆಟಿನಲ್ಲೇ ಬಾಗಿಲ ಸಂಖ್ಯೆ ಅಚ್ಚು ಮಾಡಿ, ಬೇರೆ ಬಾಗಿಲಿನ ಟಿಕೆಟನ್ನು ತಿರಸ್ಕರಿಸಿದರೆ ಮಾತ್ರ ಇದು ನಂಬಿಕೆಗೆ ಯೋಗ್ಯ. ಆಗ ಒಂದು ಬಾಗಿಲಲ್ಲಿ ಸಾಲು ಬೆಳೆದರೆ ಜನರನ್ನು ಇನ್ನೊಂದಕ್ಕೆ ಕಳಿಸುವ ಹಾಗಿಲ್ಲ. ಆ ಮೊಬೈಲ್ ಕೆಟ್ಟರೆ ಅದರೊಳಗಿನ ಪಟ್ಟಿಯೂ ಹೋಯಿತು.

ಮೂರನೆಯದರಲ್ಲಿ ಪಟ್ಟಿ ಬಾಗಿಲ ಬಳಿಯ ಲ್ಯಾಪ್‌ಟಾಪಿನಲ್ಲೇ, ಎಸ್‌ಕ್ಯೂಲೈಟ್ ಕಡತವಾಗಿ ಇರುತ್ತದೆ. ಓದಲು ಯುಎಸ್‌ಬಿ ಸ್ಕ್ಯಾನರ್. ಅಂಗಡಿಯಲ್ಲಿ ಕೊಳ್ಳುವಾಗ 2ಡಿ ಎಂದು ಕೇಳಿಯೇ ಕೊಳ್ಳಬೇಕು. ಕೆಂಪು ಗೆರೆಯ ಹಳೆಯ ಲೇಸರ್ ಸ್ಕ್ಯಾನರ್ ಗೆರೆ ಬಾರ್‌ಕೋಡ್ ಮಾತ್ರ ಓದುತ್ತದೆ, ಕ್ಯೂಆರ್ ಓದುವುದಿಲ್ಲ. ಸ್ಕ್ಯಾನರ್ ಕಂಪ್ಯೂಟರಿಗೆ ಕೀಲಿಮಣೆಯಾಗಿಯೇ ಕಾಣುತ್ತದೆ: ಕೋಡ್ ಟೈಪ್ ಮಾಡಿ ಎಂಟರ್ ಒತ್ತುತ್ತದೆ. ಇಡೀ ವ್ಯವಸ್ಥೆಯ ಜೀವ ಈ ಒಂದು ಆದೇಶದಲ್ಲಿದೆ:

```sql
UPDATE tickets
SET used_at = datetime('now','localtime'), gate = ?
WHERE code = ? AND used_at IS NULL;
```

ನೋಡುವುದು, ಬರೆಯುವುದು ಎಂಬ ಎರಡು ಹೆಜ್ಜೆಗಳು ಇಲ್ಲಿ ಒಂದೇ ಆಗಿವೆ. ಬದಲಾದ ಸಾಲು ಒಂದಾದರೆ ಹಸಿರು. ಸೊನ್ನೆಯಾದರೆ ಆ ಕೋಡ್ ಇಲ್ಲ ಅಥವಾ ಬಳಕೆಯಾಗಿದೆ, ಯಾವುದೆಂದು ಆಮೇಲೆ ಹುಡುಕಿ ತೋರಿಸಬಹುದು. ಎಸ್‌ಕ್ಯೂಲೈಟ್ ಒಂದು ಹೊತ್ತಿಗೆ ಒಬ್ಬರಿಗೆ ಮಾತ್ರ ಬರೆಯಲು ಬಿಡುತ್ತದೆ, ಹಾಗಾಗಿ ಜೋಡಿ ಪರೀಕ್ಷೆಯಲ್ಲಿ ಎಷ್ಟು ತಾಳ ಹಾಕಿ ಸ್ಕ್ಯಾನ್ ಮಾಡಿದರೂ ಹಸಿರು ಒಂದೇ. ಉತ್ತರ ಕಣ್ಣು ಮಿಟುಕಿಸುವಷ್ಟರಲ್ಲಿ ಬರುತ್ತದೆ. ಕರೆಂಟ್ ಹೋದರೂ ಲ್ಯಾಪ್‌ಟಾಪಿನ ಬ್ಯಾಟರಿಯೇ ಸ್ಕ್ಯಾನರನ್ನೂ ನಡೆಸುತ್ತದೆ.

ಎರಡನೆಯ ಬಾಗಿಲಿಗೆ ಇನ್ನೊಂದು ಲ್ಯಾಪ್‌ಟಾಪ್ ಇಟ್ಟು, ಲ್ಯಾನ್ ಕೇಬಲ್ ಎಳೆದು, ಮೊದಲನೆಯದರ ಪುಟವನ್ನು ಬ್ರೌಸರಿನಲ್ಲಿ ತೆರೆಯುತ್ತೇವೆ. ಮೊಬೈಲ್ ಕ್ಯಾಮೆರಾ ಬಳಸುವುದಾದರೆ ಬ್ರೌಸರ್ `https` ಇಲ್ಲದೆ ಕ್ಯಾಮೆರಾ ತೆರೆಯುವುದಿಲ್ಲ, ಸ್ವಂತ ಜಾಲದಲ್ಲಿ ಅದನ್ನು ಹೊಂದಿಸುವುದು ತಲೆನೋವು. ಸ್ಕ್ಯಾನರ್ ಬರೀ ಕೀಲಿಮಣೆಯಾದ್ದರಿಂದ `http` ಸಾಕು. ಹಣ ಉಳಿಸಲು ಒಂದೇ ಲ್ಯಾಪ್‌ಟಾಪಿಗೆ ಎರಡು ಸ್ಕ್ಯಾನರ್ ಸಿಕ್ಕಿಸಬಾರದು. ಎರಡೂ ಒಂದೇ ಪೆಟ್ಟಿಗೆಯಲ್ಲಿ ಟೈಪ್ ಮಾಡುತ್ತವೆ, ಒಟ್ಟಿಗೆ ಓದಿದರೆ ಅಕ್ಷರಗಳು ಒಂದರೊಳಗೊಂದು ಸೇರಿ ಯಾರದೂ ಅಲ್ಲದ ಕೋಡ್ ಹುಟ್ಟುತ್ತದೆ.

ನಮ್ಮ ಕಡೆಯ ಲ್ಯಾಪ್‌ಟಾಪ್‌ಗಳಿಗೆ ಇನ್ನೊಂದು ಎಚ್ಚರಿಕೆ ಬೇಕು. ನುಡಿ ಅಥವಾ ಬೇರೆ ಕನ್ನಡ ಕೀಲಿಮಣೆ ಚಾಲೂ ಇದ್ದರೆ ಸ್ಕ್ಯಾನರ್ ಕಳಿಸಿದ ಅಕ್ಷರಗಳು ಕನ್ನಡವಾಗಿ ಬೀಳುತ್ತವೆ, ಒಳ್ಳೆಯ ಟಿಕೆಟ್‌ಗಳೆಲ್ಲ “ಇಲ್ಲ” ಎನಿಸಿಕೊಳ್ಳುತ್ತವೆ. ಸಾಲಾಗಿ ಎಲ್ಲವೂ ಕೆಂಪಾಗುತ್ತಿದ್ದರೆ ಮೊದಲು ನೋಡಬೇಕಾದದ್ದು ಇದನ್ನೇ.

ಆದ್ದರಿಂದ ಸಭಾಂಗಣಕ್ಕೆ ನನ್ನ ಆಯ್ಕೆ ಲ್ಯಾಪ್‌ಟಾಪ್ ಮತ್ತು ಸ್ಕ್ಯಾನರ್, ಎರಡನೆಯ ಯೋಚನೆಯೇ ಇಲ್ಲ. ಗದಗಿನಲ್ಲಿ ಬಯಲಿನಲ್ಲಿ ಪೆಂಡಾಲ್ ಹಾಕಿ ಆಡಿದಾಗ ಬಾಗಿಲುಗಳು ಕೇಬಲ್ ಎಳೆಯಲಾಗದಷ್ಟು ದೂರವಿದ್ದವು, ಸಿಗ್ನಲ್ ಚೆನ್ನಾಗಿತ್ತು. ಅಲ್ಲಿ ಬೀಗ ಹಾಕಿದ ಶೀಟ್ ಸರಿಯಾಗಿ ನಡೆಯಿತು. ದೂರದ ಬಾಗಿಲು, ಸತ್ತ ಸಿಗ್ನಲ್ ಎರಡೂ ಇದ್ದರೆ ಮಾತ್ರ ಬಾಗಿಲುವಾರು ಹಂಚಿದ ಎರಡನೆಯ ವ್ಯವಸ್ಥೆ.

ಯಾವುದನ್ನೇ ಆರಿಸಿದರೂ ಕೆಂಪು ಪರದೆಯ ಮೇಲೆ “ಅಮಾನ್ಯ” ಎಂದಷ್ಟೇ ಬರೆಯಬಾರದು. “ಸಂಜೆ 6:41ಕ್ಕೆ 2ನೇ ಬಾಗಿಲಿನಿಂದ ಪ್ರವೇಶವಾಗಿದೆ” ಎಂದು ತೋರಿಸಬೇಕು, ಪಕ್ಕದಲ್ಲಿ ಕೊಂಡವರ ಹೆಸರು, ಮೊಬೈಲ್ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಇರಬೇಕು. ಮೊದಲು ಒಳಗೆ ಹೋದವನೇ ಅಸಲಿ ಎಂದು ಯಂತ್ರಕ್ಕೆ ಗೊತ್ತಾಗುವುದಿಲ್ಲ. ಸ್ಕ್ರೀನ್‌ಶಾಟ್ ಪಡೆದ ಗೆಳೆಯ ಮೊದಲು ಬಂದು, ದುಡ್ಡು ಕೊಟ್ಟವರು ಆಮೇಲೆ ಬರಬಹುದು. ಹೆಸರು ಮತ್ತು ಅಂಕಿ ಸರಿಯಾಗಿ ಹೇಳಿದವರನ್ನು ಸಾಲಿನಿಂದ ಪಕ್ಕಕ್ಕೆ ಕರೆದು ವ್ಯವಸ್ಥಾಪಕರ ಮೇಜಿಗೆ ಕಳಿಸುತ್ತೇವೆ. ಅಲ್ಲಿ ಆಸನ ಸಂಖ್ಯೆ ನೋಡಿ ಒಳಗಿರುವವರನ್ನು ಎಬ್ಬಿಸಿ ಕೇಳುವುದೋ, ಹೆಚ್ಚುವರಿ ಕುರ್ಚಿ ಹಾಕುವುದೋ ತೀರ್ಮಾನವಾಗುತ್ತದೆ, ಅಷ್ಟರಲ್ಲಿ ಬಾಗಿಲಲ್ಲಿ ಮುಂದಿನವರ ಟಿಕೆಟ್ ಸ್ಕ್ಯಾನ್ ಆಗಿರುತ್ತದೆ.