ಸ್ಲ್ಯಾಬ್ ಕಾಂಕ್ರೀಟ್: ಲಿಫ್ಟ್ ಮಿಕ್ಸರೋ, ರೆಡಿಮಿಕ್ಸ್ ಪಂಪೋ?

ಮೈಸೂರಿನ ಒಂದೇ ಮನೆಯ ನೆಲಮಹಡಿಯ ಸ್ಲ್ಯಾಬನ್ನು ಲಿಫ್ಟ್ ಮಿಕ್ಸರ್‌ನಿಂದಲೂ ಮೊದಲ ಮಹಡಿಯದನ್ನು ರೆಡಿಮಿಕ್ಸ್ ಪಂಪ್‌ನಿಂದಲೂ ಹಾಕಿಸಿದೆ. ಎರಡೂ 1,200 ಚದರಡಿ, 125 ಮಿ.ಮೀ. ದಪ್ಪ, ಬೀಮ್ ಸೇರಿ ಸುಮಾರು 18 ಘನಮೀಟರ್ ಎಂ20 ಕಾಂಕ್ರೀಟ್. ಒಂದಕ್ಕೆ ಬರೆದ ಕಾರ್ಯವಿಧಾನ ಪತ್ರ ಇನ್ನೊಂದಕ್ಕೆ ಹೊಂದುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಮಿಕ್ಸರ್ ಕೆಲಸಕ್ಕೆ ಸುಮಾರು 145 ಚೀಲ ಸಿಮೆಂಟ್ ಬೇಕು. ಚೀಲಕ್ಕೊಂದು ಮಿಶ್ರಣದಂತೆ, ಪ್ರತಿಯೊಂದಕ್ಕೆ ಮೂರು-ನಾಲ್ಕು ನಿಮಿಷ ಹಿಡಿದರೂ ಎಂಟು-ಒಂಬತ್ತು ಗಂಟೆ ಆಗುತ್ತದೆ; ಜಲ್ಲಿ, ಎಂ-ಸ್ಯಾಂಡ್ ತುಂಬುವವರಿಂದ ಹಿಡಿದು ಮೇಲೆ ಬಾಂಡ್ಲಿ ಹೊರುವವರ ತನಕ ಇಪ್ಪತ್ತಕ್ಕೂ ಹೆಚ್ಚು ಆಳುಗಳು ಬೇಕು. ಇಲ್ಲಿ ಮುಖ್ಯ ತಪಾಸಣೆ ಮಿಕ್ಸರ್ ಬಳಿಯೇ ನಡೆಯಬೇಕು, ಏಕೆಂದರೆ ಮಧ್ಯಾಹ್ನದ ನಂತರ ದಣಿದ ಕೈಗಳು ಕೆಲಸ ಸುಲಭವಾಗಲೆಂದು ನೀರನ್ನು ಹೆಚ್ಚಿಸುತ್ತವೆ. ಅಳತೆಯ ಡಬ್ಬಿಯಿಲ್ಲದೆ ನೀರು ಹಾಕದಂತೆ ಅಲ್ಲಿಯೇ ಒಬ್ಬರನ್ನು ನಿಲ್ಲಿಸಬೇಕು. ಲಿಫ್ಟ್‌ನ ಬಕೆಟ್ ಏರಿಳಿಯುವಾಗ ಅದರ ಕೆಳಗೆ ಯಾರೂ ಸುಳಿಯದಂತೆ ಬೇಲಿ ಕಟ್ಟಬೇಕು.

ಪಂಪ್‌ನಲ್ಲಿ ಇದೇ ಕೆಲಸ ಹತ್ತು ಜನರಿಂದ ಮೂರು ಗಂಟೆಯಲ್ಲಿ ಮುಗಿಯಿತು. ಆದರೆ ಆ ವೇಗವೇ ಸೆಂಟ್ರಿಂಗ್‌ಗೆ ಪರೀಕ್ಷೆ. ಸಮನಾಗಿ ಹರಡಿದ ಸ್ಲ್ಯಾಬ್ ಚದರ ಮೀಟರಿಗೆ ಸುಮಾರು 300 ಕೆಜಿ ತೂಗುತ್ತದೆ. ಪೈಪಿನ ಬಾಯಿಯನ್ನು ಸರಿಸದೆ ಅರ್ಧ ಮೀಟರ್ ಎತ್ತರದ ರಾಶಿ ಬೀಳಲು ಬಿಟ್ಟರೆ ಅಲ್ಲಿ ಚದರ ಮೀಟರಿಗೆ ಸುಮಾರು 1,200 ಕೆಜಿ ಕೂರುತ್ತದೆ. ಆದ್ದರಿಂದ ಪ್ರಾಪ್‌ಗಳ ಬುಡ, ಅಡ್ಡಪಟ್ಟಿಗಳನ್ನು ಹಿಂದಿನ ದಿನವೇ ನೋಡಿ, ಕಾಂಕ್ರೀಟ್ ಬೀಳುವಾಗ ಸೆಂಟ್ರಿಂಗ್ ಬಡಗಿಯೊಬ್ಬರು ಹೊರಗಿನಿಂದ ಅದನ್ನು ಗಮನಿಸುವಂತೆ ಗೊತ್ತುಮಾಡಿದೆ. ಸ್ಲ್ಯಾಬ್‌ನ ಕೆಳಗೆ ಯಾರೂ ನಿಲ್ಲಬಾರದು. ಪಂಪಿನ ಪೈಪು ಪ್ರತಿ ಹೊಡೆತಕ್ಕೂ ಕುಲುಕುವುದರಿಂದ ಅದನ್ನು ಸೆಂಟ್ರಿಂಗ್‌ಗೆ ಕಟ್ಟದೆ, ಕಂಬಿಯ ಮೇಲೆ ನೇರವಾಗಿ ಇಡದೆ, ಹಳೆಯ ಟೈರುಗಳ ಮೇಲೆ ಮಲಗಿಸಬೇಕು. ಇಲ್ಲವಾದರೆ ಛೇರ್ ಕಂಬಿಗಳು ಬಾಗಿ ಮೇಲಿನ ಕಂಬಿ ಕೆಳಗಿಳಿಯುತ್ತದೆ. ಪೈಪಿನೊಳಗೆ ಕಾಂಕ್ರೀಟ್ ಜಾರುವಂತೆ ಮೊದಲು ಬಿಡುವ ಸಿಮೆಂಟ್ ಹಾಲನ್ನು ಸ್ಲ್ಯಾಬ್‌ಗೆ ಸುರಿಯಲೇಬಾರದು.

ಮೂರು ಲಾರಿಗಳ ನಡುವೆ ಸುಮಾರು ಮುಕ್ಕಾಲು ಗಂಟೆ ಅಂತರವಿಟ್ಟಿದ್ದೆ. ಪ್ಲಾಂಟಿನಲ್ಲಿ ತುಂಬಿದ ಎರಡು ಗಂಟೆಯೊಳಗೆ ಮಾಲು ಇಳಿಯಬೇಕು. ಲಾರಿಗಳು ಒಟ್ಟಿಗೆ ಬಂದರೆ ಕೊನೆಯದು ಗಟ್ಟಿಯಾಗುತ್ತದೆ, ತಡವಾದರೆ ಹಾಕಿದ ಅಂಚು ಬಿಗಿದು ಹೊಸ ಕಾಂಕ್ರೀಟ್ ಬೆಸೆಯುವುದಿಲ್ಲ. ಬಿಲ್ಲಿನಲ್ಲಿನ ಸಮಯ ಓದಿ, ಕಾಂಕ್ರೀಟ್ ಎಷ್ಟು ಸಡಿಲವಾಗಿದೆ ಎಂದು ತೋರಿಸುವ ಸ್ಲಂಪ್ ಅಳೆದ ಮೇಲೆಯೇ ಪಂಪಿಗೆ ಬಿಡುತ್ತಿದ್ದೆವು, ಚಾಲಕರು ನೀರು ಸೇರಿಸಲು ಅವಕಾಶ ಕೊಡಲಿಲ್ಲ.

20 ಮಿ.ಮೀ. ಕವರ್ ಬ್ಲಾಕ್, ಕೆಟ್ಟರೆ ಬಳಸಲು ಎರಡನೆಯ ವೈಬ್ರೇಟರ್, ಪರೀಕ್ಷೆಯ ಕ್ಯೂಬ್‌ಗಳು ಎರಡೂ ವಿಧಾನಗಳಿಗೆ ಸಮಾನ.

ಈ ಗಾತ್ರದ ಸ್ಲ್ಯಾಬ್‌ಗೆ, ಲಾರಿ ಬರುವ ರಸ್ತೆಯಿದ್ದರೆ, ನಾನು ಪಂಪನ್ನೇ ಆರಿಸುತ್ತೇನೆ. ಒಂದು ಲಾರಿಯಷ್ಟೂ ಮಾಲು ಬೇಡದ ಬಾಲ್ಕನಿ, ಮೆಟ್ಟಿಲುಗಳಿಗೆ ಅಥವಾ ಲಾರಿ ನುಗ್ಗದ ಓಣಿಗಳಿಗೆ ಮಿಕ್ಸರೇ ಸರಿ. ಆದರೆ ಬೆಳಗ್ಗೆ ಏಳಕ್ಕೆ ಮೊದಲ ಚೀಲ ಬೀಳದಿದ್ದರೆ ಅಂದಿನ ಕೆಲಸವನ್ನು ಮುಂದೂಡುವಂತೆ ಕಾರ್ಯವಿಧಾನ ಪತ್ರದಲ್ಲೇ ಬರೆದಿರಬೇಕು.